ಜರ್ಮನಿಯಲ್ಲಿ ಓದಿದ ವರ್ಷ ಯಾವ ಲೆಕ್ಕಕ್ಕೆ ಸೇರುತ್ತದೆ? ಪಿಆರ್ ಮತ್ತು ಪೌರತ್ವದ ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆಯ ಮಕ್ಕಳು ಮಾಸ್ಟರ್ಸ್ ಮಾಡಲು ಜರ್ಮನಿಗೆ ಹೋಗುವುದು ಈಗ ಹೊಸದೇನಲ್ಲ. ಸುರತ್ಕಲ್, ಮಣಿಪಾಲ, ನಿಟ್ಟೆಯಲ್ಲಿ ಇಂಜಿನಿಯರಿಂಗ್ ಮುಗಿಸಿದವರ ಬ್ಯಾಚ್‌ನಲ್ಲಿ ಒಬ್ಬಿಬ್ಬರಾದರೂ ಅಲ್ಲಿರುತ್ತಾರೆ. ಓದು ಮುಗಿದು ಕೆಲಸ ಸಿಕ್ಕ ಮೇಲೆ ಮನೆಯಿಂದ ಫೋನಿನಲ್ಲಿ ಬರುವ ಪ್ರಶ್ನೆ ಒಂದೇ: "ಪಿಆರ್ ಯಾವಾಗ?" ಆಮೇಲೆ ಇನ್ನೊಂದು: "ಓದಿದ ಎರಡು ವರ್ಷ ಸುಮ್ನೆ ಹೋಯಿತಾ?"

ಸುಮ್ನೆ ಹೋಗಿಲ್ಲ. ಆದರೆ ಎಲ್ಲ ಕಡೆಯೂ ಅದು ಲೆಕ್ಕಕ್ಕೆ ಬರುವುದಿಲ್ಲ. ಜರ್ಮನಿಯಲ್ಲಿ ಪಿಆರ್ ಒಂದು ಖಾತೆ, ಪೌರತ್ವ ಇನ್ನೊಂದು ಖಾತೆ. ಪಿಆರ್ ಖಾತೆ ಶುರುವಾಗುವುದು ಹೆಚ್ಚುಕಮ್ಮಿ ಕೆಲಸದ ಕಾರ್ಡ್ ಕೈಗೆ ಬಂದ ದಿನದಿಂದ. ಪೌರತ್ವದ ಖಾತೆ ವಿಮಾನ ಇಳಿದ ದಿನದಿಂದಲೇ ಶುರು. ಎರಡನ್ನೂ ಬೆರೆಸಿ ಲೆಕ್ಕ ಹಾಕುವುದರಿಂದಲೇ ಜಾಸ್ತಿ ಜನ ಎಡವುತ್ತಾರೆ. ಕೆಲವರು ಬೇಗ ಅರ್ಜಿ ಹಾಕಿ ವಾಪಸ್ ಬರುತ್ತಾರೆ. ಇನ್ನು ಕೆಲವರು ಅರ್ಹತೆ ಬಂದು ವರ್ಷ ಕಳೆದರೂ ಗೊತ್ತಿಲ್ಲದೆ ಕೂತಿರುತ್ತಾರೆ. ಎರಡನೆಯ ಗುಂಪಿನವರನ್ನು ನೋಡಿದಾಗ ನನಗೆ ಜಾಸ್ತಿ ಬೇಸರ.

ಈ ಬರಹ ಓದಲು ಹೋಗಿ, ಪದವಿ ಪಡೆದು, ಅಲ್ಲೇ ಕೆಲಸಕ್ಕೆ ಸೇರಿದವರಿಗಾಗಿ. ಇಲ್ಲಿಂದ ನರ್ಸ್ ಆಗಿ ಹೋದವರಿಗೂ ನಡುವೆ ಒಂದು ಭಾಗ ಇದೆ.

ಮೊದಲ ಹೆಜ್ಜೆ: ಕಾರ್ಡುಗಳನ್ನು ಸಾಲಾಗಿ ಇಡಿ

ಲೆಕ್ಕ ಹಾಕುವ ಮೊದಲು ಇಲ್ಲಿಯವರೆಗೆ ಸಿಕ್ಕ ಎಲ್ಲ ವೀಸಾ ಮತ್ತು ರೆಸಿಡೆನ್ಸ್ ಕಾರ್ಡುಗಳ ಪ್ರತಿಗಳನ್ನು ಒಂದು ಕಡೆ ತೆಗೆದಿಡಿ. ಹಳೆಯ ಕಾರ್ಡನ್ನು ಆಫೀಸಿನವರು ವಾಪಸ್ ತೆಗೆದುಕೊಳ್ಳುತ್ತಾರೆ. ಹಾಗಾಗಿ ಹೊಸದು ಸಿಗುವ ದಿನವೇ ಹಳೆಯದರ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಪ್ರತಿ ಕಾರ್ಡಿನಲ್ಲಿ ಎರಡು ವಿಷಯ ನೋಡಬೇಕು. ಒಂದು, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ. ಇನ್ನೊಂದು, ಅದನ್ನು ಜರ್ಮನಿಯ ವಾಸದ ಕಾನೂನಿನ ಯಾವ ಕಲಮಿನ ಕೆಳಗೆ ಕೊಟ್ಟಿದ್ದಾರೆ. ಷರಾದ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಂಖ್ಯೆ ಇರುತ್ತದೆ. ಅಮ್ಮ ಅಪ್ಪನಿಗೆ ಅದು ಕಣ್ಣಿಗೇ ಬೀಳದ ಸಂಖ್ಯೆ. ಆದರೆ ಇಡೀ ಲೆಕ್ಕ ನಿಂತಿರುವುದು ಅದರ ಮೇಲೆ.

ಓದುವವರ ಕಾರ್ಡ್ ಕಲಂ 16ಬಿ. ಪದವಿ ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳವರೆಗೆ ಸಿಗುವ ಕಾರ್ಡ್ ಕಲಂ 20. ಪದವಿಗೆ ತಕ್ಕ ಕೆಲಸ ಸಿಕ್ಕವರಿಗೆ ಕಲಂ 18ಬಿ. ಸಂಬಳ ಒಂದು ಮಿತಿಗಿಂತ ಮೇಲಿದ್ದರೆ ಬ್ಲೂ ಕಾರ್ಡ್, ಅದು ಕಲಂ 18ಜಿ. ಬ್ಲೂ ಕಾರ್ಡಿನ ಸಂಬಳದ ಮಿತಿ ಪ್ರತಿವರ್ಷ ಜನವರಿಯಲ್ಲಿ ಬದಲಾಗುತ್ತದೆ. 2025ರಲ್ಲಿ ಅದು ವರ್ಷಕ್ಕೆ 48,300 ಯೂರೊ ಇತ್ತು. ಜನ ಸಿಗದ ವೃತ್ತಿಗಳಿಗೆ ಮತ್ತು ಪದವಿ ಮುಗಿಸಿ ಮೂರು ವರ್ಷದ ಒಳಗಿರುವವರಿಗೆ 43,759.80 ಯೂರೊ. ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರುವ ನಮ್ಮ ಮಕ್ಕಳಿಗೆ ಈ ಎರಡನೆಯ ಮಿತಿ ಅನ್ವಯವಾಗುತ್ತದೆ. ಎಷ್ಟೋ ಜನರಿಗೆ ಇದು ಗೊತ್ತಿರುವುದಿಲ್ಲ. "ನನ್ನ ಸಂಬಳ ಕಮ್ಮಿ, ಬ್ಲೂ ಕಾರ್ಡ್ ಸಿಗಲ್ಲ" ಎಂದು ತಾವೇ ತೀರ್ಮಾನ ಮಾಡಿ 18ಬಿ ತೆಗೆದುಕೊಳ್ಳುತ್ತಾರೆ. ಕೇಳಿ ನೋಡುವುದರಲ್ಲಿ ನಷ್ಟ ಏನೂ ಇಲ್ಲ, ಅಲ್ವಾ?

ಎರಡನೆಯ ಹೆಜ್ಜೆ: ಪಿಆರ್ ಲೆಕ್ಕ

ನಾವು ಪಿಆರ್ ಅನ್ನುವುದಕ್ಕೆ ಅಲ್ಲಿಯವರು ನೀಡರ್‌ಲಾಸುಂಗ್ಸ್‌ಎರ್ಲೌಬ್ನಿಸ್ ಅನ್ನುತ್ತಾರೆ. ಓದಿ ಕೆಲಸಕ್ಕೆ ಸೇರಿದವರಿಗೆ ಇದನ್ನು ತಲುಪಲು ಮೂರು ದಾರಿ ಇವೆ.

ಮೊದಲನೆಯದು ಬ್ಲೂ ಕಾರ್ಡಿನ ದಾರಿ. ಬ್ಲೂ ಕಾರ್ಡಿನ ಕೆಲಸದಲ್ಲಿ 27 ತಿಂಗಳು ದುಡಿದು, ಅಷ್ಟೂ ತಿಂಗಳು ಪಿಂಚಣಿ ವಿಮೆಗೆ ದುಡ್ಡು ಕಟ್ಟಿರಬೇಕು. ಜರ್ಮನ್ ಭಾಷೆ ಆರಂಭದ ಎ1 ಮಟ್ಟದಲ್ಲಿ ಬಂದರೆ ಸಾಕು. ಅದಕ್ಕಿಂತ ಮೇಲಿನ ಬಿ1 ಪರೀಕ್ಷೆ ಪಾಸಾಗಿದ್ದರೆ 27ರ ಬದಲು 21 ತಿಂಗಳು. ಓದಿದ ದಿನ, ಕೆಲಸ ಹುಡುಕಿದ ದಿನ ಯಾವುದೂ ಇಲ್ಲಿ ಸೇರುವುದಿಲ್ಲ.

ಎರಡನೆಯದು ಜರ್ಮನಿಯಲ್ಲೇ ಪದವಿ ಪಡೆದವರ ದಾರಿ. ಬೇರೆ ದೇಶದಲ್ಲಿ ಓದಿ ಬಂದ ಕುಶಲ ಕೆಲಸಗಾರರಿಗೆ ಸಾಮಾನ್ಯವಾಗಿ ಮೂರು ವರ್ಷ ಬೇಕು. ಅಲ್ಲೇ ಪದವಿ ಮಾಡಿದವರಿಗೆ ಅದು ಎರಡು ವರ್ಷಕ್ಕೆ ಇಳಿಯುತ್ತದೆ, ಜೊತೆಗೆ 24 ತಿಂಗಳ ಪಿಂಚಣಿ ವಂತಿಗೆ ಮತ್ತು ಬಿ1. ಇಲ್ಲಿ ಒಂದು ವಿಷಯ ಗಮನಿಸಿ. ಓದಿದ ವರ್ಷಗಳು ಈ ಎರಡು ವರ್ಷದ ಒಳಗೆ ಸೇರುತ್ತಿಲ್ಲ. ಪದವಿಯಿಂದಾಗಿ ಕಾಯುವ ಅವಧಿ ಮಾತ್ರ ಕಡಿಮೆಯಾಗುತ್ತಿದೆ. 18ಬಿ ಕಾರ್ಡಿನವರಿಗೆ ಇದೇ ಮುಖ್ಯ ದಾರಿ.

ಮೂರನೆಯದು ಹಳೆಯ ಸಾಮಾನ್ಯ ದಾರಿ, ಐದು ವರ್ಷದ್ದು. "ಓದಿದ್ದರಲ್ಲಿ ಅರ್ಧ ಸೇರುತ್ತದೆ" ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ. ನಿಜ, ಕಲಂ 9ರ ಪ್ರಕಾರ ಓದಿಗಾಗಿ ಕಾನೂನುಬದ್ಧವಾಗಿ ಇದ್ದ ಅವಧಿಯ ಅರ್ಧವನ್ನು ಈ ಐದು ವರ್ಷಕ್ಕೆ ಸೇರಿಸಬಹುದು. ಆದರೆ ಇದೇ ದಾರಿಯಲ್ಲಿ 60 ತಿಂಗಳ ಪಿಂಚಣಿ ವಂತಿಗೆಯನ್ನೂ ಕೇಳುತ್ತಾರೆ. ವಾಸಕ್ಕೆ ಅರ್ಧ ರಿಯಾಯಿತಿ ಸಿಕ್ಕರೂ ವಂತಿಗೆಗೆ ಅದು ಸಿಗುವುದಿಲ್ಲ. ಕೆಲಸಕ್ಕೆ ಸೇರಿ ಎರಡೇ ವರ್ಷ ಆದವರ ಹತ್ತಿರ 60 ತಿಂಗಳ ವಂತಿಗೆ ಎಲ್ಲಿಂದ ಬರಬೇಕು? ಮೊದಲ ಎರಡು ದಾರಿಗಳಲ್ಲಿ ಹೋಗಬಹುದಾದವರಿಗೆ ಈ ಅರ್ಧ ಲೆಕ್ಕದಿಂದ ಉಪಯೋಗ ಬಹಳ ಕಡಿಮೆ. ಯಾರಾದರೂ ಏಜೆಂಟರು "ಅರ್ಧ ಸೇರುತ್ತೆ, ಬೇಗ ಆಗುತ್ತೆ" ಎಂದರೆ, "ವಂತಿಗೆಯ ತಿಂಗಳು ಎಷ್ಟು ಬೇಕು?" ಎಂದು ತಿರುಗಿ ಕೇಳಿ.

ಪಿಂಚಣಿ ವಂತಿಗೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಓದುವಾಗ ವೆರ್ಕ್‌ಸ್ಟೂಡೆಂಟ್ ಎಂದು ಕಂಪನಿಯಲ್ಲಿ ವಾರಕ್ಕೆ ಇಪ್ಪತ್ತು ಗಂಟೆಯ ಒಳಗೆ ಕೆಲಸ ಮಾಡುತ್ತಾರಲ್ಲ, ಅವರ ಸಂಬಳದಲ್ಲಿ ಆರೋಗ್ಯ ವಿಮೆ, ನಿರುದ್ಯೋಗ ವಿಮೆಯ ಕಡಿತ ಇರುವುದಿಲ್ಲ. ಪಿಂಚಣಿ ವಿಮೆಯ ಕಡಿತ ಮಾತ್ರ ಇರುತ್ತದೆ. ಸಂಬಳದ ಚೀಟಿಯಲ್ಲಿ ಅದು ಕಾಣುತ್ತದೆ. ಆ ತಿಂಗಳುಗಳು ನಿಮ್ಮ ಪಿಂಚಣಿ ಖಾತೆಯಲ್ಲಿ ದಾಖಲಾಗುತ್ತವೆ. ಐದು ವರ್ಷದ ದಾರಿ ಹಿಡಿಯುವವರಿಗೆ 60 ತಿಂಗಳ ಲೆಕ್ಕದಲ್ಲಿ ಅವು ನೆರವಿಗೆ ಬರುತ್ತವೆ. ಮಿನಿಜಾಬ್ ಎಂಬ ಕಡಿಮೆ ಸಂಬಳದ ಸಣ್ಣ ಕೆಲಸ ಮಾಡುವವರು ಮಾತ್ರ ಎಚ್ಚರ ವಹಿಸಬೇಕು. ಅಲ್ಲಿ ಪಿಂಚಣಿ ವಂತಿಗೆ ಬೇಡ ಎಂದು ಅರ್ಜಿ ಕೊಟ್ಟು ಹೊರಗೆ ಉಳಿಯಬಹುದು. ತಿಂಗಳಿಗೆ ಕೆಲವೇ ಯೂರೊ ಉಳಿಸಲು ಎಷ್ಟೋ ಮಕ್ಕಳು ಆ ಕಾಗದಕ್ಕೆ ಸಹಿ ಹಾಕಿಬಿಡುತ್ತಾರೆ. ಆಗ ಆ ತಿಂಗಳುಗಳು ಖಾತೆಗೆ ಬರುವುದಿಲ್ಲ.

ಪಿಎಚ್‌ಡಿ ಮಾಡುವವರೂ ಇದನ್ನು ನೋಡಿಕೊಳ್ಳಬೇಕು. ವಿಶ್ವವಿದ್ಯಾಲಯದ ಜೊತೆ ಉದ್ಯೋಗದ ಕರಾರು ಇದ್ದರೆ ಪ್ರತಿ ತಿಂಗಳು ಪಿಂಚಣಿ ವಂತಿಗೆ ಹೋಗುತ್ತದೆ. ಬರೀ ಸ್ಕಾಲರ್‌ಶಿಪ್ ಮೇಲಿದ್ದರೆ ಹೋಗುವುದಿಲ್ಲ. ಒಂದೇ ಲ್ಯಾಬಿನಲ್ಲಿ ಪಕ್ಕಪಕ್ಕ ಕೂತು ನಾಲ್ಕು ವರ್ಷ ಕಳೆದ ಇಬ್ಬರಲ್ಲಿ ಒಬ್ಬರ ಖಾತೆ ತುಂಬಿರುತ್ತದೆ, ಇನ್ನೊಬ್ಬರದು ಖಾಲಿ ಇರುತ್ತದೆ.

ಖಾತೆಯಲ್ಲಿ ಏನಿದೆ ಎಂದು ಊಹಿಸುತ್ತಾ ಕೂರಬೇಡಿ. ಜರ್ಮನ್ ಪಿಂಚಣಿ ಸಂಸ್ಥೆಯ ವೆಬ್‌ಸೈಟಿನಲ್ಲಿ ನಿಮ್ಮ ವಿಮಾ ಸಂಖ್ಯೆ ಕೊಟ್ಟರೆ ವಂತಿಗೆಯ ಪೂರ್ತಿ ವಿವರಪಟ್ಟಿಯನ್ನು ಅಂಚೆಯಲ್ಲಿ ಕಳಿಸುತ್ತಾರೆ. ಅದನ್ನು ಫೆರ್ಜಿಷೆರುಂಗ್ಸ್‌ಫೆರ್ಲೌಫ್ ಅನ್ನುತ್ತಾರೆ. ಪಿಆರ್ ಅರ್ಜಿಯ ಜೊತೆ ಇದನ್ನೇ ಕೇಳುತ್ತಾರೆ. ಅರ್ಜಿ ಹಾಕುವುದಕ್ಕೆ ಮೂರು ನಾಲ್ಕು ತಿಂಗಳು ಮೊದಲೇ ತರಿಸಿ, ನಿಮ್ಮ ಸಂಬಳದ ಚೀಟಿಗಳ ಜೊತೆ ತಾಳೆ ನೋಡಿ. ಕೆಲಸ ಬದಲಾಯಿಸಿದ ತಿಂಗಳಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಆಗಲೇ ಗೊತ್ತಾಗುತ್ತದೆ, ಸರಿಪಡಿಸಲು ಸಮಯವೂ ಇರುತ್ತದೆ.

ಮೂರನೆಯ ಹೆಜ್ಜೆ: ಪೌರತ್ವದ ಲೆಕ್ಕ

ಇಲ್ಲಿ ಲೆಕ್ಕದ ರೀತಿಯೇ ಬೇರೆ. 2024ರ ಜೂನ್ 27ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ಜರ್ಮನಿಯಲ್ಲಿ ಐದು ವರ್ಷ ಕಾನೂನುಬದ್ಧವಾಗಿ ನೆಲೆಸಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಅದಕ್ಕೂ ಮೊದಲು ಎಂಟು ವರ್ಷ ಬೇಕಿತ್ತು. ತುಂಬಾ ಚೆನ್ನಾಗಿ ಹೊಂದಿಕೊಂಡವರಿಗೆ ಮೂರೇ ವರ್ಷ ಎಂಬ ಒಂದು ರಿಯಾಯಿತಿಯೂ ಆಗ ಬಂತು. ಅದನ್ನು 2025ರ ಅಕ್ಟೋಬರ್ ಕೊನೆಯಲ್ಲಿ ತೆಗೆದುಹಾಕಿದರು. ಹಳೆಯ ವೀಡಿಯೊಗಳಲ್ಲಿ "ಮೂರು ವರ್ಷಕ್ಕೆ ಪಾಸ್‌ಪೋರ್ಟ್" ಎಂದು ಈಗಲೂ ಇದೆ. ಓದಿ ಕೆಲಸ ಹಿಡಿದವರಿಗೆ ಆ ದಾರಿ ಈಗ ಇಲ್ಲ.

ಈ ಐದು ವರ್ಷಕ್ಕೆ ಓದಿದ ಅವಧಿ ಅರ್ಧವಲ್ಲ, ಪೂರ್ತಿ ಸೇರುತ್ತದೆ. ಕೆಲಸ ಹುಡುಕಿದ ಅವಧಿಯೂ ಪೂರ್ತಿ. ಕೆಲಸದ ಅವಧಿಯಂತೂ ಸರಿಯೇ. ಒಟ್ಟಿನಲ್ಲಿ ಕಾನೂನುಬದ್ಧವಾಗಿ ಅಲ್ಲೇ ನೆಲೆಸಿ ಬದುಕುತ್ತಿದ್ದಿರಾ ಎಂಬುದೇ ಮುಖ್ಯ.

ಆದರೆ ಒಂದು ಷರತ್ತು ಇದೆ, ಮತ್ತು ಎಲ್ಲ ಗೊಂದಲ ಇರುವುದು ಅದರಲ್ಲೇ. ಅರ್ಜಿಯ ಹೊತ್ತಿಗೆ ನಿಮ್ಮ ಕೈಯಲ್ಲಿರುವ ಕಾರ್ಡ್ ಸರಿಯಾದ ಬಗೆಯದ್ದಾಗಿರಬೇಕು. ಓದಿನ 16ಬಿ ಕಾರ್ಡ್ ಇಟ್ಟುಕೊಂಡು ಪೌರತ್ವ ಕೇಳಲು ಆಗುವುದಿಲ್ಲ, ಕೆಲಸ ಹುಡುಕುವ ಕಲಂ 20ರ ಕಾರ್ಡಿನ ಮೇಲೂ ಆಗುವುದಿಲ್ಲ. ಬ್ಲೂ ಕಾರ್ಡ್ ಆಗುತ್ತದೆ, 18ಬಿ ಆಗುತ್ತದೆ, ಪಿಆರ್ ಅಂತೂ ಆಗುತ್ತದೆ. ಓದಿದ ವರ್ಷ ಲೆಕ್ಕಕ್ಕೆ ಬರುತ್ತದೆ, ಓದಿನ ಕಾರ್ಡಿನ ಮೇಲೆ ಅರ್ಜಿ ನಡೆಯುವುದಿಲ್ಲ. ಈ ಎರಡು ವಾಕ್ಯವನ್ನು ಬಿಡಿಸಿ ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಇದರಿಂದ ಇನ್ನೊಂದು ವಿಷಯವೂ ಸ್ಪಷ್ಟವಾಗುತ್ತದೆ. ಪೌರತ್ವಕ್ಕೆ ಮೊದಲು ಪಿಆರ್ ಆಗಲೇಬೇಕು ಎಂದೇನಿಲ್ಲ. ಕೆನಡಾಕ್ಕೆ ಹೋದ ಸಂಬಂಧಿಕರು "ಮೊದಲು ಪಿಆರ್, ಆಮೇಲೆ ಸಿಟಿಜನ್‌ಶಿಪ್" ಎಂದು ಹೇಳುತ್ತಾರೆ. ಅವರ ದೇಶದ ಮಟ್ಟಿಗೆ ಅದು ಸರಿ. ಅಲ್ಲಿ ಪಿಆರ್ ಆಗದೆ ಪೌರತ್ವದ ಅರ್ಜಿಯೇ ಇಲ್ಲ. ಪಿಆರ್‌ಗಿಂತ ಮೊದಲು ಅಲ್ಲಿ ಕಳೆದ ದಿನಗಳನ್ನು ಅರ್ಧರ್ಧ ದಿನವಾಗಿ ಎಣಿಸಿ, ಹೆಚ್ಚೆಂದರೆ 365 ದಿನ ಕೊಡುತ್ತಾರೆ. ಆ ಲೆಕ್ಕವನ್ನು ಜರ್ಮನಿಗೆ ಹಚ್ಚಬೇಡಿ.

ಉಳಿದ ಷರತ್ತುಗಳು ಹೀಗಿವೆ. ಬಿ1 ಭಾಷಾ ಪ್ರಮಾಣಪತ್ರ ಬೇಕು. ಇಂಗ್ಲಿಷ್‌ನಲ್ಲಿ ಮಾಸ್ಟರ್ಸ್ ಮಾಡಿ, ಇಂಗ್ಲಿಷ್‌ನಲ್ಲೇ ಕೆಲಸ ಮಾಡುವವರಿಗೆ ದೊಡ್ಡ ತಡೆ ಇದೇ. ಪೌರತ್ವ ಪರೀಕ್ಷೆಯಲ್ಲಿ 33 ಪ್ರಶ್ನೆ ಇರುತ್ತವೆ, 17 ಸರಿ ಬರಬೇಕು. ಸ್ವಂತ ದುಡಿಮೆಯಿಂದ ಬದುಕು ನಡೆಯುತ್ತಿರಬೇಕು. ದೊಡ್ಡವರಿಗೆ ಶುಲ್ಕ 255 ಯೂರೊ.

ಕಾಪುವಿನ ಒಬ್ಬ ಹುಡುಗಿಯ ಲೆಕ್ಕ

ಈಗ ತಾರೀಕು ಹಾಕಿ ನೋಡೋಣ. ಕಾಪುವಿನ ಒಬ್ಬ ಹುಡುಗಿ ಎಂದು ಇಟ್ಟುಕೊಳ್ಳಿ. ಓದಿನ ವೀಸಾದ ಮೇಲೆ 2021ರ ಸೆಪ್ಟೆಂಬರ್ 28ರಂದು ಜರ್ಮನಿಗೆ ಇಳಿದಳು. ಎರಡು ವರ್ಷದ ಮಾಸ್ಟರ್ಸ್, ಥೀಸಿಸ್ ಎಳೆದು ಎರಡೂವರೆ ವರ್ಷ ಆಯಿತು. 2024ರ ಮಾರ್ಚ್ ಕೊನೆಗೆ ಪದವಿ ಬಂತು. ಏಪ್ರಿಲ್ ಮೊದಲ ದಿನದಿಂದ ಕೆಲಸ ಹುಡುಕುವ ಕಾರ್ಡ್. ಆಗಸ್ಟ್ 1ಕ್ಕೆ ಕೆಲಸಕ್ಕೆ ಸೇರಿದಳು. ಸಂಬಳ ವರ್ಷಕ್ಕೆ 52,000 ಯೂರೊ, ಆ ವರ್ಷದ ಮಿತಿಗಿಂತ ಮೇಲೆ. ಬ್ಲೂ ಕಾರ್ಡ್ ಸಿಕ್ಕಿದ್ದು ಸೆಪ್ಟೆಂಬರ್ 15, 2024.

ಪಿಆರ್ ಲೆಕ್ಕ ಹೀಗೆ. ಬ್ಲೂ ಕಾರ್ಡಿನ ದಾರಿಯಲ್ಲಿ ಬಿ1 ಇದ್ದರೆ 21 ತಿಂಗಳು, ಅಂದರೆ 2026ರ ಜೂನ್ ಮಧ್ಯ. ಎ1 ಮಾತ್ರ ಇದ್ದರೆ 27 ತಿಂಗಳು, 2026ರ ಡಿಸೆಂಬರ್ ಮಧ್ಯ. ಆಗಸ್ಟ್ 1ರಿಂದ ಸೆಪ್ಟೆಂಬರ್ 15ರವರೆಗೆ ಕೆಲಸ ಮಾಡಿದ್ದಾಳೆ, ವಂತಿಗೆಯೂ ಹೋಗಿದೆ, ನಿಜ. ಆದರೆ ಆಗ ಕೈಯಲ್ಲಿದ್ದದ್ದು ಕಲಂ 20ರ ಕಾರ್ಡ್. ಹಾಗಾಗಿ ಆ ಒಂದೂವರೆ ತಿಂಗಳನ್ನು ನಂಬಿಕೊಳ್ಳದೆ ಬ್ಲೂ ಕಾರ್ಡಿನ ತಾರೀಕಿನಿಂದಲೇ ಎಣಿಸುವುದು ಕ್ಷೇಮ. ಬ್ಲೂ ಕಾರ್ಡ್ ಬದಲು 18ಬಿ ಕಾರ್ಡ್ ಅದೇ ದಿನ ಸಿಕ್ಕಿದ್ದರೆ, ಜರ್ಮನ್ ಪದವಿಯ ರಿಯಾಯಿತಿಯಲ್ಲಿ 2026ರ ಸೆಪ್ಟೆಂಬರ್ ಮಧ್ಯಕ್ಕೆ ಎರಡು ವರ್ಷ ತುಂಬುತ್ತದೆ.

ಅರ್ಧ ಲೆಕ್ಕದ ಐದು ವರ್ಷದ ದಾರಿಯನ್ನೂ ಹಾಕಿ ನೋಡೋಣ. ಓದಿದ 30 ತಿಂಗಳಲ್ಲಿ ಅರ್ಧ, ಅಂದರೆ 15 ತಿಂಗಳು. ಇನ್ನು 45 ತಿಂಗಳು ಬೇಕು. 2024ರ ಏಪ್ರಿಲ್‌ನಿಂದ ಎಣಿಸಿದರೆ 2028ರ ಜನವರಿ ಬರುತ್ತದೆ. ಓದುವಾಗ 18 ತಿಂಗಳು ವೆರ್ಕ್‌ಸ್ಟೂಡೆಂಟ್ ಆಗಿ ವಂತಿಗೆ ಕಟ್ಟಿದ್ದರೆ 60 ತಿಂಗಳ ವಂತಿಗೆಯೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ತುಂಬುತ್ತದೆ. ಕಟ್ಟಿರದಿದ್ದರೆ 2029ರ ಮಧ್ಯದವರೆಗೆ ಕಾಯಬೇಕು. ಬ್ಲೂ ಕಾರ್ಡಿನ ದಾರಿಗಿಂತ ಕಡಿಮೆಯೆಂದರೂ ಒಂದು ವರ್ಷ ತಡ.

ಈಗ ಪೌರತ್ವ. 2021ರ ಸೆಪ್ಟೆಂಬರ್ 28ಕ್ಕೆ ಐದು ವರ್ಷ ಸೇರಿಸಿದರೆ 2026ರ ಸೆಪ್ಟೆಂಬರ್ 28. ಓದು 30 ತಿಂಗಳು, ಕೆಲಸದ ಹುಡುಕಾಟದ ಕಾರ್ಡ್ ಐದೂವರೆ ತಿಂಗಳು, ಬ್ಲೂ ಕಾರ್ಡ್ ಸುಮಾರು ಇಪ್ಪತ್ತನಾಲ್ಕೂವರೆ ತಿಂಗಳು. ಒಟ್ಟು 60.

ಬಿ1 ಪಾಸಾದ ಈ ಹುಡುಗಿಗೆ ಪಿಆರ್ ಜೂನ್‌ನಲ್ಲಿ, ಪೌರತ್ವದ ಅರ್ಹತೆ ಸೆಪ್ಟೆಂಬರ್‌ನಲ್ಲಿ. ನಡುವೆ ಮೂರೂವರೆ ತಿಂಗಳು ಮಾತ್ರ. ಬಿ1 ಇಲ್ಲದಿದ್ದರೆ ಪಿಆರ್ ಡಿಸೆಂಬರ್‌ಗೆ ಹೋಗುತ್ತದೆ, ಪೌರತ್ವಕ್ಕೆ ಬಾಗಿಲೇ ತೆರೆಯುವುದಿಲ್ಲ. ಒಂದು ಭಾಷಾ ಪರೀಕ್ಷೆ ಎರಡೂ ಖಾತೆಯನ್ನು ಹೀಗೆ ಅಲುಗಿಸುತ್ತದೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಬಿ1 ಅನ್ನು ಕೆಲಸ ಸಿಕ್ಕ ಮೇಲೆ ನೋಡೋಣ ಎಂದು ಮುಂದೂಡಬೇಡಿ. ಓದುವಾಗ ವಿಶ್ವವಿದ್ಯಾಲಯದಲ್ಲೇ ಭಾಷಾ ತರಗತಿ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಸಂಜೆ ಕ್ಲಾಸಿಗೆ ಹೋಗುವ ಶಕ್ತಿ ಎಷ್ಟು ಜನರಿಗೆ ಉಳಿದಿರುತ್ತದೆ?

ಲೆಕ್ಕ ಎಲ್ಲಿ ತಪ್ಪುತ್ತದೆ

ಕೋವಿಡ್ ಕಾಲದಲ್ಲಿ ಪ್ರವೇಶ ಪಡೆದವರು ಮೊದಲ ಸೆಮಿಸ್ಟರನ್ನು ಉಡುಪಿ, ಮಂಗಳೂರಿನ ಮನೆಯಲ್ಲೇ ಕೂತು ಆನ್‌ಲೈನ್ ಮಾಡಿದ್ದಾರೆ. ಪ್ರವೇಶಪತ್ರದಲ್ಲಿ 2020ರ ಅಕ್ಟೋಬರ್ ಎಂದಿರಬಹುದು. ಜರ್ಮನಿಗೆ ಹೋಗಿದ್ದು 2021ರ ಏಪ್ರಿಲ್ ಆದರೆ ಲೆಕ್ಕ ಏಪ್ರಿಲ್‌ನಿಂದ. ನೆಲೆಸುವುದು ಅಂದರೆ ಅಲ್ಲಿ ಇರುವುದು. ಪಾಸ್‌ಪೋರ್ಟಿನ ಎಂಟ್ರಿ ಮೊಹರು ಮತ್ತು ಊರಿನ ಆಫೀಸಿನಲ್ಲಿ ವಿಳಾಸ ನೋಂದಾಯಿಸಿದ ಪತ್ರ, ಈ ಎರಡೇ ಇದಕ್ಕೆ ಸಾಕ್ಷಿ.

ಊರಿಗೆ ಬಂದು ಹೋಗುವುದರ ಬಗ್ಗೆ ಅನಗತ್ಯ ಭಯ ಬೇಡ. ತಂಗಿಯ ಮದುವೆಗೆ ಐದಾರು ವಾರ ಬಂದರೆ, ವರ್ಷಕ್ಕೊಮ್ಮೆ ರಜೆಗೆ ಬಂದರೆ ಪೌರತ್ವದ ಲೆಕ್ಕ ಕಡಿಯುವುದಿಲ್ಲ. ಆರು ತಿಂಗಳವರೆಗಿನ ಹೊರಗಿನ ವಾಸ ನೆಲೆಯನ್ನು ಮುರಿಯುವುದಿಲ್ಲ ಎಂದು ಕಾನೂನು ಹೇಳುತ್ತದೆ. ಅದನ್ನು ದಾಟಿದರೆ ಮಾತ್ರ ತೊಂದರೆ. ಸಾಮಾನ್ಯ ರೆಸಿಡೆನ್ಸ್ ಕಾರ್ಡುಗಳೂ ಹೊರಗೆ ಆರು ತಿಂಗಳು ಮೀರಿದರೆ ತಾವಾಗಿಯೇ ರದ್ದಾಗುತ್ತವೆ. ಅಪ್ಪ ಅಮ್ಮನ ಆರೋಗ್ಯ ಕೆಟ್ಟು ಜಾಸ್ತಿ ದಿನ ಇರಬೇಕಾಗಿ ಬಂದರೆ, ಹೊರಡುವ ಮೊದಲೇ ವಿದೇಶಿಯರ ಆಫೀಸಿಗೆ ಬರೆದು ಲಿಖಿತ ಒಪ್ಪಿಗೆ ಪಡೆಯಿರಿ. ಬಂದ ಮೇಲೆ ವಿವರಿಸುತ್ತೇನೆ ಎಂದರೆ ಕೇಳುವವರಿಲ್ಲ.

ಕಾರ್ಡ್ ಮುಗಿಯುವ ದಿನವೂ ಅಷ್ಟೇ ಮುಖ್ಯ. ಓದಿನ ಕಾರ್ಡ್ ಮುಗಿಯುವ ಮೊದಲೇ ಮುಂದಿನ ಕಾರ್ಡಿಗೆ ಅರ್ಜಿ ಹೋಗಿದ್ದರೆ, ತೀರ್ಮಾನ ಬರುವವರೆಗೂ ವಾಸ ಕಾನೂನುಬದ್ಧವಾಗಿ ಮುಂದುವರಿಯುತ್ತದೆ. ಅದಕ್ಕೆ ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ಪತ್ರ ಕೊಡುತ್ತಾರೆ. ಅಪಾಯಿಂಟ್‌ಮೆಂಟ್ ಸಿಗಲಿಲ್ಲ ಎಂದು ಸುಮ್ಮನೆ ಕೂರಬೇಡಿ. ಆನ್‌ಲೈನ್ ಫಾರ್ಮ್, ಇಮೇಲ್, ಅಂಚೆ, ಯಾವುದರಲ್ಲಾದರೂ ಸರಿ, ಅರ್ಜಿ ತಲುಪಿದ ತಾರೀಕಿಗೆ ಸಾಕ್ಷಿ ಇಟ್ಟುಕೊಳ್ಳಿ.

ಕೆಲಸ ಹೋದರೆ? ಎರಡು ಖಾತೆ ಇಲ್ಲೂ ಬೇರೆ ಬೇರೆಯಾಗಿ ನಡೆಯುತ್ತವೆ. ಬ್ಲೂ ಕಾರ್ಡಿನ ದಾರಿಯಲ್ಲಿ ಎಣಿಸುವುದು ದುಡಿದ ತಿಂಗಳುಗಳನ್ನು. ಹಾಗಾಗಿ ಕೆಲಸವಿಲ್ಲದ ಮೂರು ತಿಂಗಳು ಪಿಆರ್ ಅನ್ನು ಮೂರು ತಿಂಗಳು ಮುಂದೆ ತಳ್ಳುತ್ತದೆ. ಪೌರತ್ವದ ಐದು ವರ್ಷಕ್ಕೆ ಆ ಮೂರು ತಿಂಗಳೂ ಸೇರುತ್ತವೆ, ಕಾರ್ಡ್ ಚಾಲ್ತಿಯಲ್ಲಿದ್ದರೆ ಸಾಕು. ಆದರೆ ಅರ್ಜಿ ಹಾಕುವ ಹೊತ್ತಿಗೆ ಕೆಲಸ ಇರಬೇಕು.

ನರ್ಸ್ ಆಗಿ ಹೋದವರಿಗೆ

ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಹೋದವರ ಲೆಕ್ಕ ಸ್ವಲ್ಪ ಬೇರೆ. ಇಲ್ಲಿನ ಬಿಎಸ್ಸಿ ನರ್ಸಿಂಗ್ ಅನ್ನು ಅಲ್ಲಿ ಮಾನ್ಯ ಮಾಡಿಸಿಕೊಳ್ಳುವ ತನಕ ಆಸ್ಪತ್ರೆಯಲ್ಲಿ ಸಹಾಯಕರಾಗಿ ದುಡಿಯುತ್ತಾರಲ್ಲ, ಆಗ ಇರುವುದು ಕಲಂ 16ಡಿ ಕಾರ್ಡ್. ಕೈತುಂಬ ಕೆಲಸ, ಸಂಬಳ, ಪಿಂಚಣಿ ಕಡಿತ ಎಲ್ಲ ಇದ್ದರೂ ಕುಶಲ ಕೆಲಸಗಾರರ ಪಿಆರ್‌ಗೆ ಬೇಕಾದ ಮೂರು ವರ್ಷ ಆಗ ಶುರುವಾಗಿರುವುದಿಲ್ಲ. ಮಾನ್ಯತೆ ಬಂದು 18ಎ ಕಾರ್ಡ್ ಸಿಕ್ಕ ಮೇಲೆ ಶುರು. ಪೌರತ್ವದ ಐದು ವರ್ಷಕ್ಕೆ ಮಾತ್ರ 16ಡಿ ಅವಧಿಯೂ ಸೇರುತ್ತದೆ. ಮಾನ್ಯತೆಗೆ ಒಂದೂವರೆ ವರ್ಷ ಹಿಡಿದರೆ ಪಿಆರ್‌ಗೆ ನಾಲ್ಕೂವರೆ ವರ್ಷ, ಪೌರತ್ವಕ್ಕೆ ಐದು. ಅಲ್ಲೇ ಔಸ್‌ಬಿಲ್ಡುಂಗ್, ಅಂದರೆ ಮೂರು ವರ್ಷದ ತರಬೇತಿ ಮಾಡಿದವರಿಗೆ ಪಿಆರ್ ಕಾಯುವಿಕೆ ಪದವೀಧರರ ಹಾಗೆ ಎರಡೇ ವರ್ಷ. ತರಬೇತಿಯ ಮೂರು ವರ್ಷವೂ ಪೌರತ್ವಕ್ಕೆ ಸೇರುವುದರಿಂದ ಅವರಿಗೆ ಎರಡೂ ಒಟ್ಟಿಗೇ ಬರುತ್ತವೆ.

ಊರಿನಿಂದ ತರಿಸಬೇಕಾದ ಕಾಗದ

ಪೌರತ್ವದ ಅರ್ಜಿಗೆ ಜನನ ಪ್ರಮಾಣಪತ್ರ ಕೇಳುತ್ತಾರೆ, ಮದುವೆಯಾಗಿದ್ದರೆ ಮದುವೆಯದ್ದೂ. ನಮ್ಮ ಕಡೆ ತೊಂದರೆ ಬರುವುದು ಹೆಸರಿನಲ್ಲಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಹೆಸರಿನ ಜಾಗ ಎಷ್ಟೋ ಹಳೆಯ ಪ್ರಮಾಣಪತ್ರಗಳಲ್ಲಿ ಖಾಲಿ ಇರುತ್ತದೆ. ಕೆಲವರಿಗೆ ಪ್ರಮಾಣಪತ್ರದಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು. ಶೆಟ್ಟಿ, ರೈ, ಪೂಜಾರಿ, ಭಟ್ ಎಂಬುದು ಒಂದರಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಜರ್ಮನ್ ಅಧಿಕಾರಿಗೆ ಅವರು ಇಬ್ಬರು ಬೇರೆ ಬೇರೆ ಜನ. ಜನನ ನೋಂದಣಿ ಆದ ನಗರಸಭೆ ಅಥವಾ ಪಂಚಾಯತಿನಲ್ಲಿ ಅದನ್ನು ಸರಿಪಡಿಸಲು ತಿಂಗಳುಗಟ್ಟಲೆ ಹಿಡಿಯಬಹುದು. ಇದು ರಜೆಗೆ ಬಂದಾಗ ಮಾಡಬೇಕಾದ ಕೆಲಸ. ಅರ್ಜಿ ಹಾಕಿದ ಮೇಲೆ ಮನೆಯವರನ್ನು ಓಡಾಡಿಸುವುದಕ್ಕಿಂತ ಒಂದು ವರ್ಷ ಮೊದಲೇ ತೆಗೆಸಿಡುವುದು ಒಳ್ಳೆಯದು. ಪ್ರಮಾಣೀಕರಣ ಯಾವ ರೀತಿಯದ್ದು ಬೇಕು ಎಂಬುದನ್ನು ಅಲ್ಲಿನ ಆಫೀಸಿನಿಂದ ಬರೆಸಿಕೊಂಡೇ ಮುಂದಿನ ದುಡ್ಡು ಖರ್ಚು ಮಾಡಿ.

ಪಿಆರ್ ಸಾಕೋ, ಪೌರತ್ವ ಬೇಕೋ

ಇದು ಬರೀ ತಾರೀಕಿನ ಲೆಕ್ಕವಲ್ಲ. 2024ರಿಂದ ಜರ್ಮನಿ ಎರಡು ಪೌರತ್ವವನ್ನು ಒಪ್ಪುತ್ತದೆ ಎಂಬ ಸುದ್ದಿ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿತು. ಜರ್ಮನಿ ಒಪ್ಪಿದರೂ ಭಾರತ ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣಕ್ಕೆ ಭಾರತದ ಪೌರತ್ವ ಹೋಗುತ್ತದೆ. ಮತದಾನ ಹೋಗುತ್ತದೆ. ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡ್ ಪಡೆದರೆ ಬಂದು ಹೋಗಲು ವೀಸಾ ಬೇಡ, ಇಲ್ಲೇ ಎಷ್ಟು ದಿನ ಬೇಕಾದರೂ ಇರಬಹುದು, ಮಂಗಳೂರಿನಲ್ಲಿ ಫ್ಲಾಟ್ ಕೊಳ್ಳಬಹುದು.

ಜಮೀನಿನ ವಿಷಯ ನಮ್ಮ ಜಿಲ್ಲೆಗಳಲ್ಲಿ ಎಲ್ಲ ಮನೆಯಲ್ಲೂ ಬರುತ್ತದೆ. ಒಸಿಐ ಕಾರ್ಡಿನವರು ಅಡಿಕೆ ತೋಟ, ಗದ್ದೆ, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ. ಆದರೆ ಇದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗೆ ನೆಲೆಸಿದ ಎನ್ಆರ್‌ಐಗಳಿಗೂ ಅನ್ವಯ. ಹಾಗಾಗಿ ತೋಟ ಕೊಳ್ಳುವ ಆಸೆಗಾಗಿ ಪೌರತ್ವ ಬಿಡದೆ ಇರುವುದರಲ್ಲಿ ಹೆಚ್ಚಿನ ಲಾಭವಿಲ್ಲ. ಅಪ್ಪನಿಂದ ಉತ್ತರಾಧಿಕಾರವಾಗಿ ಬರುವ ತೋಟಕ್ಕೆ ಅಡ್ಡಿ ಇಲ್ಲ. ಮುಂದೆ ಅದನ್ನು ಮಾರುವಾಗ ಭಾರತದಲ್ಲೇ ನೆಲೆಸಿರುವ ಭಾರತೀಯ ಪೌರರಿಗೆ ಮಾತ್ರ ಮಾರಬೇಕು. ಅಪ್ಪ ಬದುಕಿರುವಾಗಲೇ ತೋಟವನ್ನು ದಾನಪತ್ರ ಮಾಡಿ ಕೊಡುವುದು ಬೇರೆ ವಿಷಯ, ಅದಕ್ಕೆ ಅವಕಾಶವಿಲ್ಲ. ಮನೆಯಲ್ಲಿ ಪಾಲಿನ ಮಾತು ನಡೆಯುತ್ತಿದ್ದರೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ನನ್ನ ಅಭಿಪ್ರಾಯ ಹೇಳಬೇಕೆಂದರೆ, ಐದಾರು ವರ್ಷದಲ್ಲಿ ಊರಿಗೆ ಮರಳುವ ಯೋಚನೆ ಗಟ್ಟಿಯಾಗಿದ್ದರೆ ಪೌರತ್ವಕ್ಕೆ ಆತುರ ಬೇಡ. ಆದರೆ ಪಿಆರ್ ಮಾಡಿಸಿ ಊರಿಗೆ ಬಂದು ಕೂತರೆ ಅದು ಆರು ತಿಂಗಳಲ್ಲಿ ಸಾಮಾನ್ಯವಾಗಿ ಹೋಗಿಬಿಡುತ್ತದೆ ಎಂಬುದು ನೆನಪಿರಲಿ. ಅಪ್ಪ ಅಮ್ಮನನ್ನು ನೋಡಿಕೊಳ್ಳಲು ವರ್ಷಗಟ್ಟಲೆ ಇಲ್ಲಿದ್ದು, ಮತ್ತೆ ಅಲ್ಲಿಗೆ ಹೋಗುವ ದಾರಿ ತೆರೆದಿರಬೇಕು ಎನ್ನುವವರಿಗೆ ಪೌರತ್ವ ಮತ್ತು ಒಸಿಐ ಜೋಡಿಯೇ ಹೆಚ್ಚು ಗಟ್ಟಿ.

ಪತ್ರ ಕೈಗೆ ಬರುವ ದಿನ

ಅರ್ಜಿ ಹಾಕಿದ ಮೇಲೆ ದೊಡ್ಡ ಊರುಗಳಲ್ಲಿ ವರ್ಷಕ್ಕೂ ಮೀರಿ ಕಾಯಬೇಕಾಗುತ್ತದೆ. ಆ ಅವಧಿಯಲ್ಲಿ ಕೆಲಸ ಬದಲಾದರೆ, ವಿಳಾಸ ಬದಲಾದರೆ ಆಫೀಸಿಗೆ ತಿಳಿಸಬೇಕು. ಕಾಯುವಾಗ ಬ್ಲೂ ಕಾರ್ಡ್ ಮುಗಿಯುವ ಭಯ ಇಲ್ಲದಿರಲು ಪಿಆರ್ ಅರ್ಜಿಯನ್ನೂ ಹಾಕಿಡುವುದು ಜಾಣತನ. ಕಾಪುವಿನ ಹುಡುಗಿಯ ಲೆಕ್ಕದಲ್ಲಿ ಮೂರೂವರೆ ತಿಂಗಳು ಮಾತ್ರ ವ್ಯತ್ಯಾಸ ಇದ್ದರೂ ಅವಳು ಜೂನ್‌ನಲ್ಲಿ ಪಿಆರ್ ಕೇಳಲೇಬೇಕು ಎಂದು ನಾನು ಹೇಳುವುದು ಇದಕ್ಕೇ.

ಜರ್ಮನ್ ಪೌರತ್ವ ಸಿಗುವುದು ಪಾಸ್‌ಪೋರ್ಟ್ ಬಂದಾಗ ಅಲ್ಲ, ಪೌರತ್ವ ಪತ್ರವನ್ನು ಕೈಗೆ ಕೊಟ್ಟ ಗಳಿಗೆಯಲ್ಲಿ. ಭಾರತದ ಪಾಸ್‌ಪೋರ್ಟ್ ಆ ಗಳಿಗೆಯಿಂದಲೇ ಬಳಸುವ ಹಾಗಿಲ್ಲ. ಬಳಸಿದರೆ ದಂಡ ಇದೆ. ಹಾಗಾಗಿ ಪತ್ರ ಪಡೆಯುವ ದಿನದ ಆಸುಪಾಸಿನಲ್ಲಿ ಮಂಗಳೂರಿಗೆ ಟಿಕೆಟ್ ಇಟ್ಟುಕೊಳ್ಳಬೇಡಿ. ಮೊದಲು ಜರ್ಮನ್ ಪಾಸ್‌ಪೋರ್ಟಿಗೆ ಅರ್ಜಿ. ಆಮೇಲೆ ಭಾರತೀಯ ದೂತಾವಾಸದಲ್ಲಿ ಹಳೆಯ ಪಾಸ್‌ಪೋರ್ಟ್ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಪ್ರಮಾಣಪತ್ರ ಪಡೆಯಬೇಕು. ಆ ಪ್ರಮಾಣಪತ್ರ ಇಟ್ಟು ಒಸಿಐಗೆ ಅರ್ಜಿ. ಒಸಿಐ ಬರುವ ಮೊದಲು ಊರಿಗೆ ಬರಲೇಬೇಕಾದರೆ ಜರ್ಮನ್ ಪಾಸ್‌ಪೋರ್ಟಿನ ಮೇಲೆ ಭಾರತದ ವೀಸಾ ಮಾಡಿಸಿಕೊಂಡು ಬನ್ನಿ.